ಬಿಡುಗಡೆ ಪತ್ರ ಮತ್ತು ಅನುಭವ ಪ್ರಮಾಣಪತ್ರ: ಕೆಲಸ ಬಿಟ್ಟವರ ಬಗ್ಗೆ ಕಂಪನಿ ಎಷ್ಟು ಬರೆಯಬಹುದು, ಎಷ್ಟು ಹೇಳಬಹುದು

ಕೆಲಸ ಬಿಟ್ಟು ಹೋಗುವವರಿಗೆ ಕಂಪನಿ ಕೊಡುವ ಕಾಗದಗಳಲ್ಲಿ ಮುಖ್ಯವಾದವು ಎರಡು. ಒಂದು ಬಿಡುಗಡೆ ಪತ್ರ. ಎಲ್ಲರ ಬಾಯಲ್ಲೂ ಅದು ರಿಲೀವಿಂಗ್ ಲೆಟರ್. ಇನ್ನೊಂದು ಅನುಭವ ಪ್ರಮಾಣಪತ್ರ, ಅಂದರೆ ಎಕ್ಸ್‌ಪೀರಿಯೆನ್ಸ್ ಸರ್ಟಿಫಿಕೇಟ್. ಸಣ್ಣ ಕಾರ್ಖಾನೆಗಳಲ್ಲಿ, ಖಾಸಗಿ ಶಾಲೆಗಳಲ್ಲಿ, ನರ್ಸಿಂಗ್ ಹೋಮ್‌ಗಳಲ್ಲಿ ಇವೆರಡನ್ನೂ ಸೇರಿಸಿ ಒಂದೇ ಹಾಳೆಯಲ್ಲಿ ಬರೆದು ಕೊಡುವ ರೂಢಿಯಿದೆ. ಪೀಣ್ಯದ ಕಾರ್ಖಾನೆಗಳ ಆಡಳಿತ ವಿಭಾಗದಲ್ಲಿ ಬಹಳ ವರ್ಷ ಈ ಪತ್ರಗಳನ್ನು ಬರೆದ ನನಗೆ, ಮುಂದೆ ತಲೆದೋರುವ ತಕರಾರುಗಳಲ್ಲಿ ಹೆಚ್ಚಿನವು ಈ ಬೆರಕೆಯಿಂದಲೇ ಹುಟ್ಟುತ್ತವೆ ಎಂಬುದು ಮನವರಿಕೆಯಾಗಿದೆ. ಆದ್ದರಿಂದ ಮೊದಲು ಇವೆರಡನ್ನು ಬೇರ್ಪಡಿಸಿ ನೋಡಿ, ಆಮೇಲೆ ಅನುಭವ ಪ್ರಮಾಣಪತ್ರದ ಮೂರು ಬಗೆಗಳಲ್ಲಿ ಯಾವುದನ್ನು ಯಾವಾಗ ಆರಿಸಿಕೊಳ್ಳಬೇಕು ಎಂಬುದನ್ನು ಪರಿಶೀಲಿಸೋಣ.

ಎರಡು ಪತ್ರಗಳು, ಎರಡು ಪ್ರಶ್ನೆಗಳು

ಬಿಡುಗಡೆ ಪತ್ರ ಉತ್ತರಿಸುವುದು ಒಂದೇ ಪ್ರಶ್ನೆಗೆ: ಈ ವ್ಯಕ್ತಿ ಯಾವ ದಿನದಿಂದ ನಿಮ್ಮ ನೌಕರನಲ್ಲ? ಹಾಗಾಗಿ ರಾಜೀನಾಮೆ ಕೊಟ್ಟ ದಿನಾಂಕ, ಅದನ್ನು ಅಂಗೀಕರಿಸಿದ ದಿನಾಂಕ, ಕೊನೆಯ ಕೆಲಸದ ದಿನ, ಆ ದಿನದ ಕೆಲಸದ ವೇಳೆ ಮುಗಿದ ಮೇಲೆ ಕರ್ತವ್ಯದಿಂದ ಬಿಡುಗಡೆ ಮಾಡಲಾಗಿದೆ ಎಂಬ ಸ್ಪಷ್ಟ ಮಾತು, ಲೆಕ್ಕ ಚುಕ್ತಾ ಆಗಿದೆಯೇ ಅಥವಾ ಬಾಕಿ ಇದೆಯೇ ಎಂಬ ವಿವರ, ಇಷ್ಟಿದ್ದರೆ ಸಾಕು. ಗೋಪ್ಯತೆಯ ಕರಾರಿಗೆ ಸಹಿ ಹಾಕಿದವರಾಗಿದ್ದರೆ ಆ ಕರಾರು ಮುಂದೆಯೂ ಊರ್ಜಿತವಾಗಿರುತ್ತದೆ ಎಂದು ಒಂದು ಸಾಲು ಸೇರಿಸಬಹುದು. ಈ ಪತ್ರವನ್ನು ನೋಡುವವರು ಮುಖ್ಯವಾಗಿ ಮುಂದಿನ ಕಂಪನಿಯವರು, ಅದೂ ಸೇರುವ ಮೊದಲ ಕೆಲವು ವಾರಗಳಲ್ಲಿ. ಹೊಸ ನೌಕರ ಹಳೆಯ ಕಡೆಯೂ ಹಾಜರಿ ಪುಸ್ತಕದಲ್ಲಿ ಇದ್ದಾನೆಯೇ ಎಂಬುದಷ್ಟೇ ಅವರ ಆತಂಕ.

ಅನುಭವ ಪ್ರಮಾಣಪತ್ರದ ಆಯುಷ್ಯ ಇದಕ್ಕಿಂತ ಬಹಳ ದೊಡ್ಡದು. ಇಪ್ಪತ್ತು ವರ್ಷಗಳ ನಂತರವೂ ಸರ್ಕಾರಿ ನೇಮಕಾತಿಯ ಅರ್ಜಿಯ ಜೊತೆಗೆ, ಬಡ್ತಿಯ ಕಡತದಲ್ಲಿ, ವಿದೇಶದ ವೀಸಾ ಅರ್ಜಿಯಲ್ಲಿ ಅದನ್ನು ಲಗತ್ತಿಸುತ್ತಾರೆ. ಅದು ಉತ್ತರಿಸುವ ಪ್ರಶ್ನೆ, ಈ ವ್ಯಕ್ತಿ ನಿಮ್ಮಲ್ಲಿ ಎಷ್ಟು ಕಾಲ, ಯಾವ ಹುದ್ದೆಯಲ್ಲಿ, ಏನು ಕೆಲಸ ಮಾಡಿದ್ದಾನೆ ಎಂಬುದು. ಸೇರಿದ ದಿನಾಂಕ, ಬಿಟ್ಟ ದಿನಾಂಕ, ಹುದ್ದೆ, ನಡುವೆ ಹುದ್ದೆ ಬದಲಾಗಿದ್ದರೆ ಪ್ರತಿಯೊಂದರ ಅವಧಿ, ಪೂರ್ಣಾವಧಿಯೋ ಅರೆಕಾಲಿಕವೋ ಎಂಬುದು, ಕೆಲಸದ ಸ್ವರೂಪ, ಇವು ಅದರಲ್ಲಿ ಇರಲೇಬೇಕು.

ಆಯುಷ್ಯದ ಈ ವ್ಯತ್ಯಾಸವೇ ಯಾವ ವಿಷಯ ಎಲ್ಲಿಗೆ ಸೇರಬೇಕೆಂಬುದನ್ನು ನಿರ್ಧರಿಸುತ್ತದೆ. ನೋಟಿಸ್ ಅವಧಿಯಲ್ಲಿ ಎಷ್ಟು ದಿನ ಕಡಿಮೆಯಾಯಿತು, ಲ್ಯಾಪ್‌ಟಾಪ್ ಹಿಂದಿರುಗಿಸಿದ್ದಾರೆಯೇ, ಮುಂಗಡದ ಬಾಕಿ ಎಷ್ಟು ಎಂಬಂಥ ವಿಷಯಗಳು ಒಂದೆರಡು ತಿಂಗಳಲ್ಲಿ ಇತ್ಯರ್ಥವಾಗುವಂಥವು. ಇವುಗಳ ಜಾಗ ಬಿಡುಗಡೆ ಪತ್ರ. ಇವನ್ನು ಅನುಭವ ಪ್ರಮಾಣಪತ್ರದಲ್ಲಿ ಬರೆದರೆ, ಆರು ಸಾವಿರ ರೂಪಾಯಿಯ ಬಾಕಿ ತೀರಿ ಹದಿನೈದು ವರ್ಷವಾದ ಮೇಲೂ ಆ ವ್ಯಕ್ತಿ ಅದೇ ಕಾಗದವನ್ನು ಎಲ್ಲರಿಗೂ ತೋರಿಸುತ್ತಾ ತಿರುಗಬೇಕಾಗುತ್ತದೆ. ಅದು ಅನ್ಯಾಯ, ಮತ್ತು ಕಂಪನಿಗೆ ಅದರಿಂದ ಕಿಂಚಿತ್ತೂ ಪ್ರಯೋಜನವಿಲ್ಲ.

ಮೂರು ಬಗೆಯ ಅನುಭವ ಪ್ರಮಾಣಪತ್ರ

ಮೊದಲನೆಯದು ಬರಿಯ ವಿವರಗಳ ಪತ್ರ. ಹೆಸರು, ದಿನಾಂಕಗಳು, ಹುದ್ದೆ, ಕೆಲಸದ ಸ್ವರೂಪ ಇಷ್ಟನ್ನೇ ಹೇಳಿ, ಗುಣದೋಷಗಳ ಮಾತೆತ್ತದೆ ಮುಗಿಸುವುದು. ಎರಡನೆಯದು ನಡತೆಯ ಸಾಲಿರುವ ಪತ್ರ. ಅದೇ ವಿವರಗಳ ಕೊನೆಗೆ "ಸೇವಾವಧಿಯಲ್ಲಿ ಇವರ ನಡತೆ ತೃಪ್ತಿಕರವಾಗಿತ್ತು" ಎಂಬಂಥ ಒಂದು ಮಾತು ಸೇರಿರುತ್ತದೆ. ಮೂರನೆಯದು ಶಿಫಾರಸು ಪತ್ರ. ಅದರಲ್ಲಿ ಕೆಲಸದ ಗುಣಮಟ್ಟ, ಸ್ವಭಾವ, ಪ್ರಾಮಾಣಿಕತೆ ಎಲ್ಲದರ ಬಗ್ಗೆ ಬರೆಯುವವರ ಅಭಿಪ್ರಾಯವಿರುತ್ತದೆ.

ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎರಡನೆಯ ಬಗೆ. ನನ್ನ ಮಟ್ಟಿಗೆ ಅತ್ಯಂತ ತೊಡಕಿನದೂ ಅದೇ. ನಡತೆಯ ಸಾಲನ್ನು ತೊಂಬತ್ತೊಂಬತ್ತು ಜನಕ್ಕೆ ಬರೆದು ನೂರನೆಯವರಿಗೆ ಬಿಟ್ಟರೆ, ಆ ಬಿಟ್ಟ ಜಾಗವೇ ಮಾತನಾಡುತ್ತದೆ. ನೇಮಕಾತಿಯಲ್ಲಿ ಪಳಗಿದವರು ಪತ್ರ ಕೈಗೆ ಬಂದ ಕೂಡಲೇ ಆ ಸಾಲನ್ನು ಹುಡುಕುತ್ತಾರೆ. ಹಾಗೆಂದು ನೂರನೆಯವರಿಗೂ ಮನಸ್ಸಿಲ್ಲದೆ ಬರೆದು ಕೊಟ್ಟರೆ, ನಾಳೆ ಅದೇ ವ್ಯಕ್ತಿಯ ಮೇಲೆ ಕಂಪನಿ ದೂರು ದಾಖಲಿಸಿದಾಗ ಅವರ ವಕೀಲರು ಮೊದಲು ಮುಂದಿಡುವುದು ಆ ಪತ್ರವನ್ನೇ.

ಆದ್ದರಿಂದ ಐವತ್ತು ನೂರು ಜನರಿರುವ ಕಂಪನಿಗೆ ನಾನು ಹೇಳುವುದು, ಎಲ್ಲರಿಗೂ ಮೊದಲನೆಯ ಬಗೆಯ ಪತ್ರವನ್ನೇ ಕೊಡಿ ಎಂದು. ಒಳ್ಳೆಯವರಿಗೂ ಅದೇ, ಮನಸ್ತಾಪದಿಂದ ಹೋದವರಿಗೂ ಅದೇ. ನಡತೆಯ ಬಗ್ಗೆ ಯಾರ ಪತ್ರದಲ್ಲೂ ಏನೂ ಇಲ್ಲ ಎಂದಾದಾಗ ಯಾರ ಪತ್ರದ ಮೌನಕ್ಕೂ ಅರ್ಥ ಕಟ್ಟಲಾಗುವುದಿಲ್ಲ. ನಿಜಕ್ಕೂ ಚೆನ್ನಾಗಿ ದುಡಿದವರು ಕೇಳಿದರೆ ಮೂರನೆಯ ಬಗೆಯ ಪತ್ರವನ್ನು ಪ್ರತ್ಯೇಕವಾಗಿ ಬರೆದುಕೊಡಬಹುದು. ಅದನ್ನು ಅವರ ಕೆಲಸವನ್ನು ಹತ್ತಿರದಿಂದ ಕಂಡ ಮೇಲಧಿಕಾರಿಯೇ, ತಾನು ಕಂಡಿದ್ದನ್ನು ಮಾತ್ರ ಆಧರಿಸಿ ಬರೆಯಬೇಕು. ಅದರ ಒಂದು ಪ್ರತಿ ಆಡಳಿತ ವಿಭಾಗದ ಕಡತಕ್ಕೆ ಬರಬೇಕು. ಲೆಟರ್‌ಹೆಡ್ ಮೇಜಿನ ಮೇಲೆ ಸಿಕ್ಕಿತೆಂದು ವಿಭಾಗದ ಮುಖ್ಯಸ್ಥರು ಯಾರಿಗೂ ತಿಳಿಸದೆ ಬರೆದುಕೊಟ್ಟ ಹೊಗಳಿಕೆಯ ಪತ್ರ, ಅದೇ ವ್ಯಕ್ತಿಗೆ ಆಡಳಿತ ವಿಭಾಗ ಕಳಿಸಿದ ಎಚ್ಚರಿಕೆಯ ನೋಟಿಸಿನ ಪಕ್ಕದಲ್ಲಿ ಕೂತಾಗ ಸಮಜಾಯಿಷಿ ಕೊಡುವುದು ಬಹಳ ಕಷ್ಟ.

ಬರಿಯ ವಿವರಗಳ ಪತ್ರ ಎಂದರೆ ಎರಡು ಸಾಲಿನ ಪತ್ರವೆಂದು ತಿಳಿಯಬೇಕಾಗಿಲ್ಲ. ಕೆನಡಾಕ್ಕೆ ಎಕ್ಸ್‌ಪ್ರೆಸ್ ಎಂಟ್ರಿ ಮೂಲಕ ಅರ್ಜಿ ಹಾಕುವವರಿಂದ ಅಲ್ಲಿನ ವಲಸೆ ಇಲಾಖೆ ಕೇಳುವ ಪತ್ರದಲ್ಲಿ ಹುದ್ದೆಯ ಹೆಸರು, ಮುಖ್ಯ ಕೆಲಸಗಳು, ದಿನಾಂಕಗಳು, ವಾರಕ್ಕೆ ಎಷ್ಟು ಗಂಟೆಯ ಕೆಲಸ, ವಾರ್ಷಿಕ ಸಂಬಳ ಹಾಗೂ ಇತರ ಸೌಲಭ್ಯಗಳು ಇರಬೇಕು. ಕಂಪನಿಯ ವಿಳಾಸ ಮತ್ತು ಸಂಪರ್ಕದ ವಿವರ, ಸಹಿ ಮಾಡಿದವರ ಹೆಸರು ಮತ್ತು ಹುದ್ದೆಯೂ ಇರಬೇಕು. ಇದರಲ್ಲಿ ಒಂದೂ ಅಭಿಪ್ರಾಯವಲ್ಲ, ಎಲ್ಲವೂ ಕಡತದಲ್ಲಿರುವ ವಿವರಗಳೇ. ಆದ್ದರಿಂದ ವಿದೇಶದ ಅರ್ಜಿಗೆಂದು ಕೇಳಿಕೊಂಡು ಬಂದವರಿಗೆ ಈ ವಿಸ್ತೃತ ರೂಪವನ್ನು ಕೊಡಲು ಹಿಂಜರಿಯಬೇಕಾಗಿಲ್ಲ. ಆದರೆ ಕೆಲಸಗಳ ಪಟ್ಟಿಯನ್ನು ಅವರೇ ಬರೆದು ತಂದಾಗ ಅದನ್ನು ನೇಮಕಾತಿ ಆದೇಶದೊಂದಿಗೆ ಮತ್ತು ಮೇಲ್ವಿಚಾರಕರೊಂದಿಗೆ ತಾಳೆ ನೋಡದೆ ಸಹಿ ಹಾಕಬಾರದು.

ಒಂದು ಪ್ರಕರಣವನ್ನು ಬಿಡಿಸಿ ನೋಡೋಣ

ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದನ್ನು ಊಹಿಸಿಕೊಳ್ಳಿ. 2019ರ ಜೂನ್ 11ರಂದು ಒಬ್ಬರು ಉಗ್ರಾಣ ಸಹಾಯಕರಾಗಿ ಸೇರಿದರು. 2022ರ ಏಪ್ರಿಲ್ 1ರಿಂದ ಉಗ್ರಾಣದ ಮೇಲ್ವಿಚಾರಕರಾದರು. 2025ರ ಫೆಬ್ರುವರಿ 3ರಂದು ರಾಜೀನಾಮೆ ಕೊಟ್ಟರು. ನೇಮಕಾತಿ ಆದೇಶದ ಪ್ರಕಾರ ನೋಟಿಸ್ ಅವಧಿ 60 ದಿನ. ಅವರು ಫೆಬ್ರುವರಿ 28ರವರೆಗೆ ಮಾತ್ರ ಬಂದರು. ರಾಜೀನಾಮೆಯ ಮರುದಿನದಿಂದ ಎಣಿಸಿದರೆ 25 ದಿನವಾಯಿತು, 35 ದಿನ ಕಡಿಮೆ ಬಿತ್ತು. ಮಾರ್ಚ್ ಮೊದಲ ವಾರದಲ್ಲಿ ಸ್ಟಾಕ್ ಎಣಿಸಿದಾಗ ಹಿತ್ತಾಳೆ ಸರಳುಗಳಲ್ಲಿ 46 ಕಿಲೋ ಕಡಿಮೆ ಬಂತು. ಉಗ್ರಾಣದ ಬೀಗದ ಕೈ ಮೂವರ ಬಳಿ ಇತ್ತು. ಆಪಾದನಾ ಪತ್ರ ಕೊಟ್ಟಿಲ್ಲ, ವಿಚಾರಣೆ ನಡೆದಿಲ್ಲ, ಪೊಲೀಸರಿಗೆ ದೂರೂ ಹೋಗಿಲ್ಲ. ಆದರೂ ಮಾಲೀಕರ ಮನಸ್ಸಿನಲ್ಲಿ ಅನುಮಾನ ಬೇರೂರಿದೆ.

ಇಂಥ ಹೊತ್ತಿನಲ್ಲಿ ಮಾಲೀಕರು ಹೇಳಿ ಬರೆಸಲು ಹೊರಡುವ ಸಾಲು ಹೀಗಿರುತ್ತದೆ: "ಇವರು ನೋಟಿಸ್ ಪಾಲಿಸದೆ ಪರಾರಿಯಾಗಿದ್ದು, ಇವರ ಅವಧಿಯಲ್ಲಿ ಕಚ್ಚಾ ಸಾಮಗ್ರಿ ನಾಪತ್ತೆಯಾಗಿದೆ." ಎರಡನೆಯ ಭಾಗ ಅಕ್ಷರಶಃ ನಿಜವಿರಬಹುದು. ಆದರೆ ಅದನ್ನು ಓದಿದ ಯಾರಿಗಾದರೂ ಹೊಳೆಯುವುದು ಒಂದೇ ಅರ್ಥ, ಇವರು ಕದ್ದಿದ್ದಾರೆ ಎಂದು. ಆ ಅರ್ಥವನ್ನು ಸಾಬೀತು ಮಾಡುವ ಹೊಣೆ ಬರೆದವರದು, ಮತ್ತು ಮೂರು ಬೀಗದ ಕೈಗಳಿರುವ ಉಗ್ರಾಣದಲ್ಲಿ ಅದು ಆಗದ ಮಾತು. "ಪರಾರಿ" ಎಂಬ ಪದವೂ ಸರಿಯಲ್ಲ. ರಾಜೀನಾಮೆ ಕೊಟ್ಟು, 25 ದಿನ ದುಡಿದು ಹೋದವರು ಪರಾರಿಯಾದವರಲ್ಲ.

ಸರಿಯಾದ ದಾರಿ ಎರಡು ಪ್ರತ್ಯೇಕ ಪತ್ರಗಳು. ಬಿಡುಗಡೆ ಪತ್ರದಲ್ಲಿ ಹೀಗೆ ಬರೆಯಬಹುದು:

"ದಿನಾಂಕ 03.02.2025ರ ತಮ್ಮ ರಾಜೀನಾಮೆಯನ್ನು ಅಂಗೀಕರಿಸಲಾಗಿದೆ. ದಿನಾಂಕ 28.02.2025ರ ಕೆಲಸದ ವೇಳೆಯ ನಂತರ ತಮ್ಮನ್ನು ಕರ್ತವ್ಯದಿಂದ ಬಿಡುಗಡೆ ಮಾಡಲಾಗಿದೆ. ನೋಟಿಸ್ ಅವಧಿಯಲ್ಲಿ ಕಡಿಮೆಯಾದ 35 ದಿನಗಳ ಮೊತ್ತವನ್ನು ನೇಮಕಾತಿ ಆದೇಶದ ಷರತ್ತಿನಂತೆ ಅಂತಿಮ ಲೆಕ್ಕದಲ್ಲಿ ಹೊಂದಿಸಲಾಗಿದೆ."

ಅನುಭವ ಪ್ರಮಾಣಪತ್ರದಲ್ಲಿ:

"ಇವರು ನಮ್ಮ ಸಂಸ್ಥೆಯಲ್ಲಿ 11.06.2019ರಿಂದ 31.03.2022ರವರೆಗೆ ಉಗ್ರಾಣ ಸಹಾಯಕರಾಗಿಯೂ, 01.04.2022ರಿಂದ 28.02.2025ರವರೆಗೆ ಉಗ್ರಾಣ ಮೇಲ್ವಿಚಾರಕರಾಗಿಯೂ ಪೂರ್ಣಾವಧಿ ಸೇವೆ ಸಲ್ಲಿಸಿದ್ದಾರೆ. ಸಾಮಗ್ರಿ ಸ್ವೀಕಾರ, ವಿತರಣೆ ಮತ್ತು ದಾಸ್ತಾನು ಪುಸ್ತಕದ ನಿರ್ವಹಣೆ ಇವರ ಕೆಲಸವಾಗಿತ್ತು."

ಹಿತ್ತಾಳೆಯ ಮಾತು ಎರಡರಲ್ಲೂ ಬರುವುದಿಲ್ಲ. ಹಾಗೆಂದು ಕಂಪನಿ ತನ್ನ ಹಕ್ಕನ್ನು ಬಿಟ್ಟುಕೊಟ್ಟಂತಾಗಲಿಲ್ಲ. ಅನುಮಾನಕ್ಕೆ ಆಧಾರ ಸಿಕ್ಕರೆ ದೂರು ಕೊಡಬೇಕಾದ ಜಾಗ ಪೊಲೀಸ್ ಠಾಣೆ. "ಪ್ರಾಮಾಣಿಕ ಹಾಗೂ ನಂಬಿಕಸ್ಥ" ಎಂಬ ಸಾಲು ಈ ಪತ್ರದಲ್ಲಿ ಇಲ್ಲದಿರುವುದರಿಂದ ಆ ದೂರಿಗೆ ಅಡ್ಡಿಯೂ ಆಗುವುದಿಲ್ಲ. ಹಾಗೆಯೇ, ಐದು ವರ್ಷ ದಾಟಿದ ಇವರಿಗೆ ಗ್ರಾಚ್ಯುಟಿ ಸಲ್ಲಬೇಕು. ದುಷ್ಕೃತ್ಯದ ಕಾರಣಕ್ಕೆ ಸೇವೆಯಿಂದ ತೆಗೆದಾಗ ಮಾತ್ರ ಅದನ್ನು ಮುಟ್ಟುಗೋಲು ಹಾಕಿಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ. ರಾಜೀನಾಮೆ ಕೊಟ್ಟು ಹೋದವರ ಗ್ರಾಚ್ಯುಟಿಯನ್ನು ಬರೀ ಅನುಮಾನದ ಮೇಲೆ ತಡೆಹಿಡಿಯುವಂತಿಲ್ಲ.

ಪತ್ರವನ್ನೇ ಕೊಡದಿರುವುದು ಒಂದು ಆಯ್ಕೆಯೇ?

ಅನೇಕರು ಕೊನೆಗೆ ಈ ದಾರಿ ಹಿಡಿಯುತ್ತಾರೆ. "ಬಾಕಿ ಕಟ್ಟುವವರೆಗೆ ಯಾವ ಪತ್ರವೂ ಇಲ್ಲ" ಎಂದು ಕೂರುತ್ತಾರೆ. ಬಾಕಿ ಇರುವುದು ದಿಟವಾದರೆ ಅದನ್ನು ವಸೂಲು ಮಾಡಲು ಕಾನೂನಿನ ದಾರಿಯಿದೆ. ಮೂರು ವರ್ಷಕ್ಕೆ ಮೊದಲು ಕೆಲಸ ಬಿಟ್ಟರೆ ಎರಡು ಲಕ್ಷ ರೂಪಾಯಿ ಕಟ್ಟಬೇಕೆಂಬ ವಿಜಯಾ ಬ್ಯಾಂಕಿನ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಕರ್ನಾಟಕ ಹೈಕೋರ್ಟಿನಿಂದ ಮೇಲ್ಮನವಿಯಾಗಿ ಹೋದ ಪ್ರಕರಣವದು. ಆದರೆ ಕರಾರಿನ ಹಣ ಕೇಳುವ ಹಕ್ಕು ಬೇರೆ, ಒಬ್ಬರು ಐದು ವರ್ಷ ದುಡಿದದ್ದು ನಿಜ ಎಂದು ಬರೆದುಕೊಡದಿರುವುದು ಬೇರೆ. 1946ರ ಸ್ಥಾಯಿ ಆದೇಶಗಳ ಕಾಯ್ದೆಯಡಿ ಕೇಂದ್ರ ಸರ್ಕಾರ ರೂಪಿಸಿದ ಮಾದರಿ ಆದೇಶಗಳು, ವಜಾಗೊಂಡ ಕಾಯಂ ಕಾರ್ಮಿಕನಿಗೂ ಸೇವಾ ಪ್ರಮಾಣಪತ್ರ ಪಡೆಯುವ ಹಕ್ಕಿದೆ ಎಂದು ಹೇಳಿದ್ದವು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ವಜಾಗೊಂಡವನಿಗೇ ಸಲ್ಲಬೇಕೆಂದು ಕಾನೂನು ಎಣಿಸಿದ್ದನ್ನು ರಾಜೀನಾಮೆ ಕೊಟ್ಟವನಿಗೆ ಇಲ್ಲವೆನ್ನುವುದು ಯಾವ ವೇದಿಕೆಯಲ್ಲೂ ಸಮರ್ಥಿಸಿಕೊಳ್ಳಲಾಗದ ನಿಲುವು.

ಇನ್ನೊಂದು ಮಾತು ನೌಕರರಿಗೆ. ಪತ್ರ ಸಿಗದಿದ್ದರೂ ಭವಿಷ್ಯ ನಿಧಿಯ ಯುಎಎನ್ ಖಾತೆಯ ಸೇವಾ ಇತಿಹಾಸದಲ್ಲಿ ಸೇರಿದ ಮತ್ತು ಬಿಟ್ಟ ದಿನಾಂಕಗಳು ಕಾಣುತ್ತವೆ. ಕಂಪನಿ ಬಿಟ್ಟ ದಿನಾಂಕವನ್ನು ನಮೂದಿಸದಿದ್ದರೆ, ಕೊನೆಯ ವಂತಿಗೆಯಿಂದ ಎರಡು ತಿಂಗಳು ಕಳೆದ ಮೇಲೆ ಸದಸ್ಯರೇ ಅದನ್ನು ನಮೂದಿಸಬಹುದು. ಆ ಪುಟ, ಸಂಬಳದ ಚೀಟಿಗಳು, ನೇಮಕಾತಿ ಆದೇಶ ಮತ್ತು ರಾಜೀನಾಮೆಯ ಇಮೇಲ್ ಸೇರಿದರೆ ಮುಂದಿನ ಕಂಪನಿಗಳು ಸಾಮಾನ್ಯವಾಗಿ ಒಪ್ಪುತ್ತವೆ.

ಕಾನೂನು ಯಾವುದನ್ನು ಕಾಪಾಡುತ್ತದೆ

ಕೆಲಸ ಬಿಟ್ಟವರ ಬಗ್ಗೆ ಒಂದು ಕೆಟ್ಟ ಮಾತನ್ನೂ ಆಡಬಾರದೆಂದು ಕಾನೂನು ಹೇಳುವುದಿಲ್ಲ. ಮಾನನಷ್ಟವನ್ನು ಅಪರಾಧವೆನ್ನುವ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲೇ ವಿನಾಯಿತಿಗಳಿವೆ. ಹಳೆಯ ದಂಡ ಸಂಹಿತೆಯ 499ನೇ ಕಲಮಿನಲ್ಲಿದ್ದ ಅವೇ ವಿನಾಯಿತಿಗಳು 2024ರ ಜುಲೈ 1ರಿಂದ ಇಲ್ಲಿಗೆ ಬಂದಿವೆ. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಒಂಬತ್ತನೆಯದು: ತನ್ನ ಅಥವಾ ಇನ್ನೊಬ್ಬರ ಹಿತ ಕಾಪಾಡುವುದಕ್ಕಾಗಿ ಸದ್ಭಾವದಿಂದ ಆಡಿದ ಮಾತು ಮಾನನಷ್ಟವಲ್ಲ. ಅಂಗಡಿಯ ಮಾಲೀಕನೊಬ್ಬ ತನ್ನ ವ್ಯವಹಾರ ನೋಡಿಕೊಳ್ಳುವವನಿಗೆ, ಆ ಗಿರಾಕಿಗೆ ರೊಕ್ಕ ಕೊಡದ ಹೊರತು ಏನೂ ಮಾರಬೇಡ, ಅವನ ಪ್ರಾಮಾಣಿಕತೆಯ ಬಗ್ಗೆ ನನಗೆ ನಂಬಿಕೆಯಿಲ್ಲ ಎಂದು ಹೇಳುವ ನಿದರ್ಶನವನ್ನು ಅಲ್ಲಿಯೇ ಕೊಟ್ಟಿದ್ದಾರೆ. ನೌಕರನನ್ನು ತೆಗೆದುಕೊಳ್ಳಲಿರುವ ಕಂಪನಿ ಕೇಳಿದಾಗ ಹಳೆಯ ಕಂಪನಿ ಉತ್ತರಿಸುವುದು ಇದಕ್ಕೆ ಹತ್ತಿರದ ಸಂದರ್ಭ.

ಆದರೆ ಇಲ್ಲಿ ಇಡೀ ಭಾರ ಬೀಳುವುದು "ಸದ್ಭಾವ" ಎಂಬ ಪದದ ಮೇಲೆ. ತಕ್ಕ ಎಚ್ಚರಿಕೆ ಮತ್ತು ಗಮನವಿಲ್ಲದೆ ಮಾಡಿದ ಯಾವುದನ್ನೂ ಸದ್ಭಾವದಿಂದ ಮಾಡಿದ್ದೆಂದು ಹೇಳಲಾಗದು ಎಂದು ಅದೇ ಸಂಹಿತೆ ವ್ಯಾಖ್ಯಾನಿಸುತ್ತದೆ. ನನ್ನ ಮನಸ್ಸಿನಲ್ಲಿ ದ್ವೇಷವಿರಲಿಲ್ಲ ಎಂದರೆ ಸಾಲದು, ವಿಚಾರಿಸಿ ನೋಡಿದ್ದೆ ಎಂದು ತೋರಿಸಬೇಕು. ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ 1994ರಲ್ಲಿ ಸ್ಪ್ರಿಂಗ್ ವಿರುದ್ಧ ಗಾರ್ಡಿಯನ್ ಅಶ್ಯೂರೆನ್ಸ್ ಪ್ರಕರಣದಲ್ಲಿ ಇದೇ ದಿಕ್ಕಿನಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ವಿಮೆ ಮಾರುವ ಕೆಲಸದಲ್ಲಿದ್ದವನ ಪ್ರಾಮಾಣಿಕತೆಯನ್ನು ಅಲ್ಲಗಳೆದು ಹಳೆಯ ಕಂಪನಿ ಪತ್ರ ಬರೆದಿತ್ತು. ಬರೆದವರಿಗೆ ದ್ವೇಷವಿರಲಿಲ್ಲ, ಆದರೆ ಸರಿಯಾಗಿ ಪರಿಶೀಲಿಸಿರಲಿಲ್ಲ. ಅಂಥ ಪತ್ರ ಬರೆಯುವಾಗ ಹಳೆಯ ನೌಕರನ ಬಗ್ಗೆ ಎಚ್ಚರ ವಹಿಸುವ ಹೊಣೆ ಕಂಪನಿಗಿದೆ ಎಂದು ತೀರ್ಪಾಯಿತು. ಆ ತೀರ್ಪು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲವಾದರೂ, ಪತ್ರ ಬರೆಯಲು ಕೂತವರಿಗೆ ಒಳ್ಳೆಯ ಅಳತೆಗೋಲು. ಹಿತ್ತಾಳೆಯ ಪ್ರಕರಣದಲ್ಲಿ ಬೀಗದ ಕೈ ಇದ್ದ ಉಳಿದಿಬ್ಬರನ್ನು ಕೇಳದೆ ಬರೆದ ಸಾಲು ಈ ಅಳತೆಯಲ್ಲಿ ನಿಲ್ಲುವುದಿಲ್ಲ.

ಸಂಹಿತೆಯ ಈ ರಕ್ಷಣೆ ಕೇಳಿದವರಿಗೆ, ಕೇಳಿದಷ್ಟಕ್ಕೆ, ಅವರ ಹಿತಕ್ಕೆ ಅಗತ್ಯವಿದ್ದಷ್ಟಕ್ಕೆ ಮಾತ್ರ ಎಂದು ತಿಳಿದು ನಡೆಯುವುದು ಕ್ಷೇಮ. ಅದೇ ಮಾತನ್ನು ಕೈಗಾರಿಕಾ ಪ್ರದೇಶದ ಮಾಲೀಕರ ವಾಟ್ಸ್ಆ್ಯಪ್ ಗುಂಪಿನಲ್ಲಿ ಫೋಟೋ ಸಮೇತ ಹಾಕಿದರೆ ಆ ಗೆರೆ ದಾಟಿದಂತಾಯಿತು. ಪತ್ರವನ್ನು ನೌಕರನ ಕೈಗೆ ಮಾತ್ರ ಕೊಟ್ಟಿದ್ದೇವೆ, ಬೇರೆಯವರಿಗೆ ತೋರಿಸಿದ್ದು ಅವನೇ ಎಂಬ ವಾದವನ್ನೂ ನೆಚ್ಚಿಕೊಳ್ಳಬಾರದು. ಅನುಭವ ಪ್ರಮಾಣಪತ್ರ ಇರುವುದೇ ಬೇರೆಯವರಿಗೆ ತೋರಿಸಲು.

ಲೈಂಗಿಕ ಕಿರುಕುಳದ ದೂರುಗಳದ್ದು ಬೇರೆಯೇ ನೆಲೆ. 2013ರ ಕಾಯ್ದೆಯ 16ನೇ ಕಲಮು ದೂರಿನ ವಿವರ, ಇಬ್ಬರ ಗುರುತು ಮತ್ತು ವಿಚಾರಣೆಯ ಮಾಹಿತಿಯನ್ನು ಸಾರ್ವಜನಿಕರಿಗೆ ತಿಳಿಸುವುದನ್ನು ನಿಷೇಧಿಸುತ್ತದೆ. ಆ ವಿಷಯದ ಒಂದಕ್ಷರವೂ ಈ ಎರಡು ಪತ್ರಗಳಲ್ಲಿ ಬರಬಾರದು. ಯಾರಾದರೂ ಕೇಳಿದರೆ ವಕೀಲರ ಸಲಹೆ ಪಡೆಯದೆ ಉತ್ತರಿಸಲೂ ಬಾರದು.

ಪರಿಶೀಲನೆಯ ಕರೆ ಬಂದಾಗ

ಎಚ್ಚರದಿಂದ ಪತ್ರ ಬರೆದವರೂ ಎಡವುವುದು ಫೋನಿನಲ್ಲಿ. "ಸುಮ್ಮನೆ ನಮ್ಮ ನಮ್ಮಲ್ಲೇ ಹೇಳಿ ಸಾರ್, ಮನುಷ್ಯ ಹೇಗೆ?" ಎಂದು ಆ ಕಡೆಯಿಂದ ಕೇಳಿದಾಗ, ಪತ್ರದಲ್ಲಿ ತಡೆದುಕೊಂಡದ್ದೆಲ್ಲ ಬಾಯಿಂದ ಹೊರಬೀಳುತ್ತದೆ. ಕರೆ ಮಾಡಿದವರು ಅದನ್ನು ಬರೆದುಕೊಳ್ಳುತ್ತಿರುತ್ತಾರೆ, ಮುದ್ರಿಸಿಕೊಳ್ಳುತ್ತಿರಲೂಬಹುದು. ಬಾಯಿಮಾತಿಗೂ ಮಾನನಷ್ಟದ ಹೊಣೆ ಉಂಟು.

ಆದ್ದರಿಂದ ಫೋನಿನಲ್ಲಿ ಉತ್ತರ ಕೊಡದೆ, ಕಂಪನಿಯ ಇಮೇಲ್ ವಿಳಾಸದಿಂದ, ನೌಕರನ ಸಹಿಯಿರುವ ಒಪ್ಪಿಗೆ ಪತ್ರದೊಂದಿಗೆ ಪ್ರಶ್ನೆಗಳನ್ನು ಕಳುಹಿಸುವಂತೆ ಕೇಳಬೇಕು. ಉತ್ತರ ಕೊಡಲು ಒಬ್ಬರನ್ನು ಮಾತ್ರ ನೇಮಿಸಬೇಕು. ಪರಿಶೀಲನಾ ಏಜೆನ್ಸಿಗಳ ನಮೂನೆಯಲ್ಲಿ ದಿನಾಂಕ, ಹುದ್ದೆ, ಸಂಬಳ, ಬಿಟ್ಟ ಕಾರಣ, ಬಿಡುಗಡೆಯ ಕ್ರಮ ಪೂರ್ಣವಾಗಿದೆಯೇ ಎಂಬ ಪ್ರಶ್ನೆಗಳು ಇದ್ದೇ ಇರುತ್ತವೆ. ಇವಕ್ಕೆ ಕಡತ ನೋಡಿ ಉತ್ತರಿಸಬಹುದು. ಮೇಲಿನ ಪ್ರಕರಣದಲ್ಲಿ ಕಾರಣ "ರಾಜೀನಾಮೆ", ಬಿಡುಗಡೆಯ ಕ್ರಮ "ಪೂರ್ಣ, 35 ದಿನಗಳ ನೋಟಿಸ್ ಮೊತ್ತ ಹೊಂದಿಸಲಾಗಿದೆ". ಕೊನೆಗೆ ಬರುವ "ಮತ್ತೆ ನೇಮಿಸಿಕೊಳ್ಳುವಿರಾ?" ಎಂಬ ಪ್ರಶ್ನೆ ಮಾತ್ರ ಕಡತದಿಂದ ಉತ್ತರಿಸುವಂಥದ್ದಲ್ಲ, ಅದು ಶುದ್ಧ ಅಭಿಪ್ರಾಯ. "ಸಂಸ್ಥೆಯ ನಿಯಮದಂತೆ ಈ ಪ್ರಶ್ನೆಗೆ ಯಾರ ವಿಷಯದಲ್ಲೂ ಉತ್ತರಿಸುವುದಿಲ್ಲ" ಎಂದು ಎಲ್ಲರಿಗೂ ಒಂದೇ ರೀತಿ ಬರೆಯಬೇಕು. ಇಷ್ಟವಾದವರಿಗೆ "ಹೌದು" ಎಂದು ಬರೆದು ಉಳಿದವರಿಗೆ ಈ ಸಾಲನ್ನು ಬಳಸಿದರೆ, ನಡತೆಯ ಸಾಲಿನಲ್ಲಿ ಕಂಡ ತೊಡಕೇ ಇಲ್ಲೂ ಬರುತ್ತದೆ.

ಆಪಾದನಾ ಪತ್ರ ಕೊಟ್ಟು, ವಿಚಾರಣೆ ನಡೆಸಿ, ವಜಾ ಮಾಡಿದವರ ಬಗ್ಗೆ ಮುಂದಿನ ಕಂಪನಿ ಬರವಣಿಗೆಯಲ್ಲಿ ಕೇಳಿದರೆ ಸತ್ಯವನ್ನು ಮುಚ್ಚಿಡಬೇಕಾಗಿಲ್ಲ, ರಾಜೀನಾಮೆ ಎಂದು ಸುಳ್ಳು ಬರೆಯಲೂ ಬಾರದು. ಆಗಲೂ ಹೇಳಬೇಕಾದದ್ದು ಆದೇಶದಲ್ಲಿರುವಷ್ಟನ್ನೇ: "ಇಂಥ ದಿನಾಂಕದ ಆದೇಶದಂತೆ, ವಿಚಾರಣೆಯ ನಂತರ ಸೇವೆಯಿಂದ ವಜಾಗೊಳಿಸಲಾಗಿದೆ." ಆ ಆದೇಶದ ವಿರುದ್ಧ ಕಾರ್ಮಿಕ ನ್ಯಾಯಾಲಯದಲ್ಲಿ ಪ್ರಕರಣ ಬಾಕಿಯಿದ್ದರೆ ಅದನ್ನೂ ಅದೇ ಉತ್ತರದಲ್ಲಿ ತಿಳಿಸಬೇಕು. ಮುಂದೆ ಆದೇಶ ರದ್ದಾದರೆ ಕಡತದ ಮೇಲ್ಪುಟದಲ್ಲಿ ಅದನ್ನು ಕೆಂಪು ಶಾಯಿಯಲ್ಲಿ ನಮೂದಿಸಿಡಬೇಕು. ಮೂರು ವರ್ಷಗಳ ನಂತರ ಬರುವ ಇಮೇಲಿಗೆ ಉತ್ತರಿಸುವವರು ಹೊಸಬರಾಗಿರುತ್ತಾರೆ, ಹಳೆಯ ಆದೇಶವೊಂದೇ ಅವರ ಕಣ್ಣಿಗೆ ಬೀಳಬಾರದು.